ಹಾಲು ಕೊಡದ ಮನೆಯಲ್ಲೂ ಹಾಲು: ಗ್ಯಾಲಕ್ಟೋಸೀಮಿಯಾ ಮಗುವಿನ ಊಟದ ಲೆಕ್ಕ

ಗ್ಯಾಲಕ್ಟೋಸೀಮಿಯಾ ಇರುವ ಮಗುವಿನ ತಾಯಿಯನ್ನು "ಮಗುವಿಗೆ ಹಾಲು ಕೊಡ್ತೀರಾ?" ಅಂತ ಕೇಳಿದರೆ ಉತ್ತರ ಒಂದೇ. "ಇಲ್ಲಪ್ಪ, ಹುಟ್ಟಿದ ತಿಂಗಳಿಂದಲೇ ಇಲ್ಲ." ಆ ಉತ್ತರ ಸುಳ್ಳಲ್ಲ. ಆದರೆ ಅದೇ ಮಗುವಿನ ರಕ್ತ ಪರೀಕ್ಷೆಯಲ್ಲಿ ಗ್ಯಾಲಕ್ಟೋಸ್ ಅಂಶ ಏರಿರಬಹುದು. ಹಾಲು ಲೋಟದಲ್ಲಿ ಬರುವುದು ನಿಂತಿರುತ್ತದೆ. ಅಕ್ಕಿಯ ಪುಟ್ಟಿನಲ್ಲಿ, ಬನ್ನಿನಲ್ಲಿ, ಮಾತ್ರೆಯಲ್ಲಿ ಬರುತ್ತಿರುತ್ತದೆ. ಅದನ್ನು ಹುಡುಕುವುದು ಹೇಗೆ, ಹುಡುಕುವ ಭರದಲ್ಲಿ ಮಗುವಿನ ಕ್ಯಾಲ್ಸಿಯಂ ಕಳೆದುಹೋಗದಂತೆ ನೋಡಿಕೊಳ್ಳುವುದು ಹೇಗೆ ಅನ್ನುವುದೇ ಈ ಲೇಖನದ ವಿಷಯ.

ಮೊದಲು ಕಾಯಿಲೆಯ ಬಗ್ಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಅಂತ ಹೆಸರು. ಹೊಟ್ಟೆಗೆ ಹೋದ ಮೇಲೆ ಅದು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುತ್ತದೆ. ಹೆಚ್ಚುಕಡಿಮೆ ಅರ್ಧ ಅದು, ಅರ್ಧ ಇದು. ಗ್ಯಾಲಕ್ಟೋಸನ್ನು ದೇಹ ಬಳಸಿಕೊಳ್ಳಬೇಕಾದರೆ ಗ್ಯಾಲ್ಟ್ ಎಂಬ ಕಿಣ್ವ ಬೇಕು. ಕ್ಲಾಸಿಕ್ ಗ್ಯಾಲಕ್ಟೋಸೀಮಿಯಾ ಇರುವ ಮಕ್ಕಳಲ್ಲಿ ಆ ಕಿಣ್ವ ಕೆಲಸ ಮಾಡುವುದೇ ಇಲ್ಲ ಅನ್ನಬಹುದು. ಆಗ ಗ್ಯಾಲಕ್ಟೋಸ್-1-ಫಾಸ್ಫೇಟ್ ಎಂಬ ಪದಾರ್ಥ ಜೀವಕೋಶಗಳಲ್ಲಿ ಸೇರಿಕೊಳ್ಳುತ್ತದೆ. ಎಳೆಗೂಸಿನಲ್ಲಿ ಇದರಿಂದ ಕಾಮಾಲೆ, ವಾಂತಿ, ಲಿವರ್ ಸೋಲುವುದು, ರಕ್ತಕ್ಕೆ ಸೋಂಕು, ಕಣ್ಣಿನ ಪೊರೆ ಎಲ್ಲವೂ ಬರಬಹುದು. ಅದಕ್ಕೇ ತಾಯಿಹಾಲು ಕೂಡ ನಿಲ್ಲಿಸಿ ಸೋಯಾ ಫಾರ್ಮುಲಾ ಶುರು ಮಾಡುತ್ತಾರೆ.

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಆಗುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದು ಬೇರೆ ತೊಂದರೆ. ಅವರಿಗೆ ಲ್ಯಾಕ್ಟೋಸ್ ಒಡೆಯುವುದಿಲ್ಲ, ಅಷ್ಟೇ. ಅವರಿಗೆಂದು ಅಂಗಡಿಯಲ್ಲಿ 'ಲ್ಯಾಕ್ಟೋಸ್ ಫ್ರೀ' ಹಾಲು ಸಿಗುತ್ತದೆ. ಅದರಲ್ಲಿ ಲ್ಯಾಕ್ಟೋಸನ್ನು ಮೊದಲೇ ಒಡೆದಿಟ್ಟಿರುತ್ತಾರೆ. ಅಂದರೆ ಗ್ಯಾಲಕ್ಟೋಸ್ ಪೂರ್ತಿ ಅಲ್ಲೇ ಇರುತ್ತದೆ. ನಮ್ಮ ಮಗುವಿಗೆ ಅದು ಮಾಮೂಲಿ ಹಾಲಿನಷ್ಟೇ ಕೆಟ್ಟದ್ದು. ಮೊಸರಿನ ಕಥೆಯೂ ಹಾಗೇ. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್ ಒಡೆದು ಬಹುಪಾಲು ಗ್ಲೂಕೋಸನ್ನು ತಿನ್ನುತ್ತವೆ, ಗ್ಯಾಲಕ್ಟೋಸ್ ಉಳಿಯುತ್ತದೆ. "ಹುಳಿ ಮೊಸರಲ್ಲಿ ಏನೂ ಇರಲ್ಲ" ಅನ್ನುವ ಮಾತನ್ನು ನಂಬಬೇಡಿ. ಮಜ್ಜಿಗೆಗೆ ಎಷ್ಟು ನೀರು ಬೆರೆಸಿದರೂ ಅದು ಹಾಲೇ.

ಈಗ ಒಂದು ಮಗುವನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಕೊಡಗಿನ ಗೋಣಿಕೊಪ್ಪಲಿನಿಂದ ಒಳಗೆ ಒಂದು ತೋಟದ ಮನೆ ಅಂದುಕೊಳ್ಳಿ. ಐದು ವರ್ಷದ ಹುಡುಗಿ, ತೂಕ 17 ಕೆಜಿ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ. ಹತ್ತಿರದ ಅಂಗನವಾಡಿಗೆ ಹೋಗುತ್ತಾಳೆ. ವರ್ಷಕ್ಕೊಮ್ಮೆ ಮಾಡಿಸುವ ರಕ್ತ ಪರೀಕ್ಷೆಯಲ್ಲಿ ಗ್ಯಾಲಕ್ಟೋಸ್-1-ಫಾಸ್ಫೇಟ್ ಹಿಂದಿನ ಎರಡು ವರ್ಷಕ್ಕಿಂತ ಜಾಸ್ತಿ ಬಂದಿದೆ. ಇಲ್ಲಿ ಒಂದು ಮಾತು. ಎಷ್ಟೇ ಕಟ್ಟುನಿಟ್ಟು ಮಾಡಿದರೂ ಈ ಮಕ್ಕಳಲ್ಲಿ ಈ ಅಂಶ ಬೇರೆ ಮಕ್ಕಳ ಮಟ್ಟಕ್ಕೆ ಇಳಿಯುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ಮಗುವಿನದೇ ಹಳೆಯ ಮಟ್ಟವನ್ನು. ಅದಕ್ಕಿಂತ ಏರಿದ್ದರೆ ಊಟದಲ್ಲಿ ಎಲ್ಲೋ ಹಾಲು ನುಗ್ಗುತ್ತಿದೆ ಅಂತ ಹುಡುಕಲು ಶುರು ಮಾಡಬೇಕು.

ಹುಡುಕುವ ಮೊದಲ ಸಾಧನ ಮೂರು ದಿನದ ಊಟದ ಪುಸ್ತಕ. ಎರಡು ಅಂಗನವಾಡಿ ದಿನ, ಒಂದು ಭಾನುವಾರ. ಭಾನುವಾರ ಯಾಕೆ ಅಂದರೆ ಅವತ್ತಿನ ಊಟವೇ ಬೇರೆ ಇರುತ್ತದೆ, ನೆಂಟರೂ ಬರುತ್ತಾರೆ. ತಿಂದದ್ದನ್ನು ತಿಂದ ಕೂಡಲೇ ಬರೆಯಬೇಕು. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಬಿಸ್ಕೆಟ್, ಚಾಕಲೇಟ್ ಎಲ್ಲ ಬಿಟ್ಟುಹೋಗುತ್ತವೆ. ಅಳತೆಗೆ ತೂಕದ ಯಂತ್ರ ಬೇಕಿಲ್ಲ. ಮನೆಯ ಒಂದು ಲೋಟ, ಒಂದು ಸೌಟು, ಒಂದು ಚಮಚ ಗೊತ್ತು ಮಾಡಿಕೊಂಡು, ಅದರಲ್ಲಿ ಎಷ್ಟು ಹಿಡಿಯುತ್ತದೆ ಅಂತ ಒಮ್ಮೆ ನೋಡಿಟ್ಟರೆ ಸಾಕು. ಇನ್ನೊಂದು ಕೆಲಸ, ಆ ವಾರ ಮಗು ತಿಂದ ಪೊಟ್ಟಣಗಳ ಖಾಲಿ ಕವರು ಎಸೆಯದೆ ಒಂದು ಚೀಲಕ್ಕೆ ಹಾಕಿಡುವುದು. ಔಷಧಿ ಬಾಟಲಿ, ಮಾತ್ರೆಯ ಚೀಟಿ ಕೂಡ.

ಪುಸ್ತಕ ಬಂದ ಮೇಲೆ ಡಯಟೀಷಿಯನ್ ಕೇಳುವ ಪ್ರಶ್ನೆಗಳೇ ಮುಖ್ಯ. 'ಹಾಲು' ಅನ್ನುವ ಪದ ಬಳಸಿ ಕೇಳಿದರೆ ಏನೂ ಸಿಗುವುದಿಲ್ಲ. ಪ್ರತಿ ತಿಂಡಿಗೂ "ಇದನ್ನು ಯಾರು ಮಾಡಿದರು, ಏನೇನು ಹಾಕಿದರು, ಹಿಟ್ಟು ಯಾವುದರಲ್ಲಿ ಕಲಸಿದರು, ಮೇಲೆ ಏನು ಹಾಕಿ ಕೊಟ್ಟರು" ಅಂತ ಕೇಳಬೇಕು. ಅಜ್ಜಿ ಪಕ್ಕದಲ್ಲೇ ಇರಬೇಕು. ಅಡುಗೆ ಮಾಡುವವರು ಒಬ್ಬರು, ಆಸ್ಪತ್ರೆಗೆ ಬರುವವರು ಇನ್ನೊಬ್ಬರು ಆದರೆ ಅರ್ಧ ಉತ್ತರ ಮನೆಯಲ್ಲೇ ಉಳಿಯುತ್ತದೆ.

ನಮ್ಮ ಹುಡುಗಿಯ ಪುಸ್ತಕದಲ್ಲಿ ಭಾನುವಾರ ಬೆಳಿಗ್ಗೆ "ಪಾಪುಟ್ಟು, ಕೋಳಿ ಸಾರು" ಅಂತ ಬರೆದಿದೆ. ಕಡಂಬುಟ್ಟು, ನೂಲ್‌ಪುಟ್ಟು ಆಗಿದ್ದರೆ ಚಿಂತೆ ಇರಲಿಲ್ಲ. ಅವು ಅಕ್ಕಿ, ನೀರು, ಉಪ್ಪಿನಲ್ಲೇ ಆಗುತ್ತವೆ. ಪಾಪುಟ್ಟಿಗೆ ಮಾತ್ರ ಅಕ್ಕಿ ತರಿ, ತೆಂಗಿನ ತುರಿಯ ಜೊತೆ ಹಾಲೂ ಬೀಳುತ್ತದೆ.

"ಹಾಲೆಷ್ಟು ಹಾಕಿದಿರಿ ಅಜ್ಜಿ?"

"ಒಂದು ಲೋಟ ಮಾತ್ರ. ಅದು ಬೆಂದು ಹೋಗ್ತದಲ್ಲ."

ಬೆಂದರೂ ಹಾಲಿನ ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ. ಒಂದು ಲೋಟ ಅಂದರೆ 200 ಮಿಲಿ. ಐದು ಪಾಲು ಮಾಡಿ ಒಂದು ಪಾಲು ಮಗು ತಿಂದಿದ್ದರೆ 40 ಮಿಲಿ ಹಾಲು. ಹಸುವಿನ ಹಾಲಿನಲ್ಲಿ 100 ಮಿಲಿಗೆ 4.5ರಿಂದ 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅಂದರೆ ಮಗುವಿಗೆ ಸುಮಾರು ಎರಡು ಗ್ರಾಂ ಲ್ಯಾಕ್ಟೋಸ್, ಅದರಲ್ಲಿ ಒಂದು ಗ್ರಾಂ ಗ್ಯಾಲಕ್ಟೋಸ್ ಹೋಯಿತು. ಈ ಒಂದು ಗ್ರಾಂ ಅನ್ನುವುದನ್ನು ನೆನಪಿಡಿ. ಮುಂದೆ ಸಿಗುವ ಎಲ್ಲವನ್ನೂ ಇದರ ಪಕ್ಕ ಇಟ್ಟು ನೋಡಬಹುದು. ಪಾಪುಟ್ಟನ್ನು ಬಿಡಬೇಕಾಗಿಲ್ಲ. ಮಗುವಿನ ಪಾಲನ್ನು ಬೇರೆ ತಟ್ಟೆಯಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದರೆ ಆಯಿತು. ತೆಂಗಿನ ಹಾಲಿನಲ್ಲಿ ಲ್ಯಾಕ್ಟೋಸ್ ಇಲ್ಲ.

ಎರಡನೆಯದು ಅಂಗನವಾಡಿ. ಕ್ಷೀರಭಾಗ್ಯ ಯೋಜನೆ 2013ರಲ್ಲಿ ಶುರುವಾದ ಮೇಲೆ ಶಾಲೆ, ಅಂಗನವಾಡಿ ಮಕ್ಕಳಿಗೆ ಹಾಲಿನ ಪುಡಿಯಿಂದ ಮಾಡಿದ 150 ಮಿಲಿ ಹಾಲು ಕೊಡುತ್ತಾರೆ. ನಮ್ಮ ಮಗುವಿಗೆ ಹಾಲು ಕೊಡಬಾರದು ಅಂತ ಟೀಚರಿಗೆ ಗೊತ್ತು, ಕೊಡುವುದೂ ಇಲ್ಲ. ಆದರೆ ಒಂದು ದಿನ ಟೀಚರ್ ಮೀಟಿಂಗಿಗೆ ಹೋಗಿದ್ದರು. ಸಹಾಯಕಿ ಹಾಲಿಗೆ ರಾಗಿ ಪುಡಿ ಕಲಸಿ ಮಕ್ಕಳಿಗೆ ಕೊಟ್ಟರು. "ಇದು ರಾಗಿ ಅಲ್ವಾ, ರಾಗಿ ಒಳ್ಳೇದು" ಅಂತ ಇವಳಿಗೂ ಒಂದು ಲೋಟ ಹೋಯಿತು. ಒಂದು ಲೋಟಕ್ಕೆ ಮೂರೂವರೆ ಗ್ರಾಂ ಗ್ಯಾಲಕ್ಟೋಸ್. ಮೂರು ದಿನದ ಪುಸ್ತಕದಲ್ಲಿ ಸಿಕ್ಕಿದ ಅತಿ ದೊಡ್ಡ ಮೂಲ ಇದೇ. ಅದೂ ಕಂದು ಬಣ್ಣದಲ್ಲಿ ಇದ್ದದ್ದರಿಂದ ಯಾರಿಗೂ ಹಾಲು ಅನ್ನಿಸಲಿಲ್ಲ. ಅಂಗನವಾಡಿ ಗೋಡೆಗೆ ಒಂದು ಕಾಗದ ಅಂಟಿಸಬೇಕಾದರೆ ಅದರಲ್ಲಿ "ಹಾಲು ಬೇಡ" ಅಂತ ಮಾತ್ರ ಬರೆದರೆ ಸಾಲದು. "ಹಾಲು, ಮೊಸರು, ಮಜ್ಜಿಗೆ, ಹಾಲು ಬೆರೆಸಿದ ರಾಗಿ ಮಾಲ್ಟ್, ಪಾಯಸ ಬೇಡ, ನೀರಲ್ಲಿ ಮಾಡಿದ ರಾಗಿ ಗಂಜಿ ಆಗುತ್ತದೆ" ಅಂತ ಪೂರ್ತಿ ಬರೆಯಬೇಕು.

ಮೂರನೆಯದನ್ನು ಯಾರೂ ಊಟ ಅಂತ ಬರೆಯುವುದಿಲ್ಲ, ಹಾಗಾಗಿ ಪುಸ್ತಕದಲ್ಲೂ ಇರಲಿಲ್ಲ. ಮಳೆಗಾಲದಲ್ಲಿ ಶೀತ, ಕೆಮ್ಮು ತಪ್ಪುವುದಿಲ್ಲ. ಹೋಮಿಯೋಪತಿಯ ಬಿಳಿ ಮಾತ್ರೆ ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ನಾಲ್ಕು ಕೊಡುತ್ತಿದ್ದರು. ಆ ಚಪ್ಪಟೆ ಮಾತ್ರೆ ಮತ್ತು ಪುಡಿಗಳನ್ನು ಸಾಮಾನ್ಯವಾಗಿ ಹಾಲಿನ ಸಕ್ಕರೆಯಲ್ಲೇ ಮಾಡುತ್ತಾರೆ. ದುಂಡಗಿನ ಸಣ್ಣ ಗುಳಿಗೆಗಳು ಹೆಚ್ಚಾಗಿ ಕಬ್ಬಿನ ಸಕ್ಕರೆಯವು, ಆದರೂ ಕೇಳಿ ತಿಳಿಯಬೇಕು. ಒಂದು ಮಾತ್ರೆ 100 ಮಿಲಿಗ್ರಾಂ ತೂಗಿದರೆ ದಿನಕ್ಕೆ 12 ಮಾತ್ರೆಗೆ 1.2 ಗ್ರಾಂ ಲ್ಯಾಕ್ಟೋಸ್. ಗ್ಯಾಲಕ್ಟೋಸ್ ಲೆಕ್ಕದಲ್ಲಿ 600 ಮಿಲಿಗ್ರಾಂ ಆಸುಪಾಸು. ಪಾಪುಟ್ಟು ತಿಂಗಳಿಗೆ ಒಂದೆರಡು ಸಲ. ಇದು ಶೀತ ಇರುವಷ್ಟು ದಿನವೂ ದಿನಾ. ರಕ್ತದಲ್ಲಿ ಅಂಶ ಏರುವುದಕ್ಕೆ ಇಂಥ ದಿನನಿತ್ಯದ ಮೂಲಗಳೇ ಜಾಸ್ತಿ ಕಾರಣ.

ಔಷಧಿಯ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಇಂಗ್ಲಿಷ್ ಔಷಧಿಯ ಎಷ್ಟೋ ಮಾತ್ರೆಗಳಲ್ಲಿ ಲ್ಯಾಕ್ಟೋಸ್ ಇರುತ್ತದೆ, ಮಾತ್ರೆಗೆ ಗಾತ್ರ ಕೊಡಲು ಹಾಕುತ್ತಾರೆ. ಒಂದು ಮಾತ್ರೆಯಲ್ಲಿ ಇಪ್ಪತ್ತು ಮೂವತ್ತು ಮಿಲಿಗ್ರಾಂನಿಂದ ನೂರು ಚಿಲ್ಲರೆ ತನಕ ಇರಬಹುದು. ತುರ್ತಾಗಿ ಬೇಕಾದ ಔಷಧಿಯನ್ನು ಇದಕ್ಕೆ ಹೆದರಿ ನಿಲ್ಲಿಸಬಾರದು. ಅದನ್ನೇ ಸಿರಪ್ ರೂಪದಲ್ಲಿ ಕೊಡಬಹುದಾ ಅಂತ ವೈದ್ಯರನ್ನು ಕೇಳಿದರೆ ಸಾಕು. ಆದರೆ ಲ್ಯಾಕ್ಟುಲೋಸ್ ಎಂಬ ಸಿರಪ್ ಬೇರೆಯೇ ಮಾತು. ಮಲಬದ್ಧತೆಗೆ ಮಕ್ಕಳಿಗೂ ಬಹಳವಾಗಿ ಬರೆದುಕೊಡುವ ಔಷಧಿ ಅದು. ಆ ಸಿರಪ್‌ನಲ್ಲಿ ಬಿಡಿ ಗ್ಯಾಲಕ್ಟೋಸ್, ಲ್ಯಾಕ್ಟೋಸ್ ಎರಡೂ ಇರುತ್ತವೆ, ಒಂದು ಊಟದ ಚಮಚಕ್ಕೆ ಗ್ರಾಂ ಲೆಕ್ಕದಲ್ಲಿ ಇರಬಹುದು. ಗ್ಯಾಲಕ್ಟೋಸೀಮಿಯಾ ಇರುವವರಿಗೆ ಅದನ್ನು ಕೊಡುವ ಹಾಗಿಲ್ಲ. ಈ ಸಿರಪ್ ಯಾಕೆ ಮುಖ್ಯ ಅಂತ ಕ್ಯಾಲ್ಸಿಯಂ ಮಾತಿಗೆ ಬಂದಾಗ ಗೊತ್ತಾಗುತ್ತದೆ.

ಉಳಿದವು ಸಣ್ಣವು. ಬೇಕರಿಯ ಬನ್ನು, ಬ್ರೆಡ್ಡಿನ ಹಿಟ್ಟಿಗೆ ಹಾಲಿನ ಪುಡಿ ಹಾಕುತ್ತಾರಾ ಅಂತ ಹೋಗಿ ಕೇಳಬೇಕು, ಬಿಡಿಯಾಗಿ ಮಾರುವ ತಿಂಡಿಗೆ ಲೇಬಲ್ ಇರುವುದಿಲ್ಲ. ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಅರ್ಧ ತೂಕ ಲ್ಯಾಕ್ಟೋಸೇ. 50 ಗ್ರಾಂ ಬನ್ನಿನಲ್ಲಿ ಒಂದು ಗ್ರಾಂ ಪುಡಿ ಇದ್ದರೂ ಕಾಲು ಗ್ರಾಂ ಗ್ಯಾಲಕ್ಟೋಸ್ ಆಯಿತು. ಮಡಿಕೇರಿಯಿಂದ ನೆಂಟರು ತರುವ 'ಹೋಮ್ ಮೇಡ್' ಚಾಕಲೇಟ್ ಇನ್ನೂ ಜಾಸ್ತಿ. ಹಾಲಿನ ಚಾಕಲೇಟಿನ 10 ಗ್ರಾಂ ತುಂಡಿಗೆ ಅರ್ಧ ಗ್ರಾಂ. ಅಂಗಡಿಯ ಪೋರ್ಕ್ ಸಾಸೇಜಿನಲ್ಲೂ ಅಂಟು ಬರಲೆಂದು ಹಾಲಿನ ಪುಡಿ ಸೇರಿಸಿರುವುದುಂಟು. ಮನೆಯ ಪಂದಿ ಕರಿಗೆ ಆ ತೊಂದರೆ ಇಲ್ಲ, ಅದಕ್ಕೆ ಹಾಕುವ ಕಾಚಂಪುಳಿ ಎಂಬ ಹುಳಿಯೂ ಸೇಫ್.

ಲೇಬಲ್ ಓದುವಾಗ ಹಸಿರು ಚುಕ್ಕೆಯನ್ನು ನಂಬಿ ಮೋಸ ಹೋಗುವವರು ಬಹಳ. ಹಸಿರು ಚುಕ್ಕೆ ಅಂದರೆ ಸಸ್ಯಾಹಾರ, ಹಾಲು ಅದರೊಳಗೇ ಬರುತ್ತದೆ. ನಮಗೆ ಬೇಕಾದದ್ದು ಪದಾರ್ಥಗಳ ಪಟ್ಟಿಯ ಕೆಳಗೆ ಬರುವ ಅಲರ್ಜಿ ಸಾಲು. ಅಲ್ಲಿ ಹಾಲು ಇದೆ ಅಂತ ಬರೆದಿದ್ದರೆ ಪಟ್ಟಿಯಲ್ಲಿ ಎಲ್ಲಿದೆ ಅಂತ ಹುಡುಕಬೇಕು. ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಲ್ಯಾಕ್ಟೋಸ್, ಬಟರ್, ಕ್ರೀಮ್, ಖೋವಾ ಅಂತ ಇದ್ದರೆ ಬೇಡ. ಪಟ್ಟಿಯಲ್ಲಿ ಹೆಚ್ಚು ಇರುವ ಪದಾರ್ಥ ಮೊದಲು ಬರುತ್ತದೆ ಅನ್ನುವುದೂ ಗೊತ್ತಿರಲಿ. ಲ್ಯಾಕ್ಟಿಕ್ ಆಸಿಡ್ ಅಂತ ಓದಿ ಗಾಬರಿಯಾಗಬೇಡಿ, ಅದು ಆಮ್ಲ, ಹಾಲಿನ ಸಕ್ಕರೆ ಅಲ್ಲ. ಸೋಡಿಯಂ ಕೇಸಿನೇಟ್, ಕ್ಯಾಲ್ಸಿಯಂ ಕೇಸಿನೇಟ್ ಇವೆರಡೂ ಹಾಲಿನ ಪ್ರೋಟೀನಿನಿಂದ ಬಂದವು. ಗ್ಯಾಲಕ್ಟೋಸೀಮಿಯಾ ಬಗೆಗಿನ 2017ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಅವಕ್ಕೆ ಒಪ್ಪಿಗೆ ಕೊಟ್ಟಿದೆ. "ಹಾಲಿನ ಕುರುಹು ಇರಬಹುದು" ಅನ್ನುವ ಎಚ್ಚರಿಕೆ ಹಾಲಿನ ಅಲರ್ಜಿ ಇರುವವರಿಗಾಗಿ ಬರೆದದ್ದು. ಇದು ಅಲರ್ಜಿ ಅಲ್ಲವಲ್ಲ, ಕುರುಹಿನಷ್ಟಕ್ಕೆ ಲೆಕ್ಕವಿಲ್ಲ. ವೀಗನ್ ಗುರುತು ಇರುವ ಪೊಟ್ಟಣ ಸಿಕ್ಕಿದರೆ ಕೆಲಸ ಸುಲಭ.

ತುಪ್ಪದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮದುವೆಯಲ್ಲಿ ನೈಕೂಳು ಅನ್ನುವ ತುಪ್ಪದ ಅನ್ನ ಇರುತ್ತದೆ, ತಂಬುಟ್ಟಿನ ಮೇಲೆ ತುಪ್ಪ ಸುರಿಯುತ್ತಾರೆ. ಲ್ಯಾಕ್ಟೋಸ್ ಇರುವುದು ಹಾಲಿನ ನೀರಿನಂಶದಲ್ಲಿ, ಕೊಬ್ಬಿನಲ್ಲಿ ಅಲ್ಲ. ಚೆನ್ನಾಗಿ ಕಾಯಿಸಿ ಸೋಸಿದ ತುಪ್ಪದಲ್ಲಿ ಉಳಿಯುವುದು ಬಹಳ ಕಡಿಮೆ. ಆದರೆ ಮನೆಯ ತುಪ್ಪ ಒಂದೊಂದು ಸಲ ಒಂದೊಂದು ಥರ ಆಗುತ್ತದೆ. ಅದಕ್ಕೇ ಆಸ್ಪತ್ರೆಯ ಕೆಲವು ತಂಡಗಳು ಬೇಡ ಅನ್ನುತ್ತವೆ. ನಿಮ್ಮ ತಂಡ ಏನು ಹೇಳುತ್ತದೋ ಹಾಗೆ ಮಾಡಿ. ನನ್ನ ಅಭಿಪ್ರಾಯದಲ್ಲಿ ಮನೆಯ ದಿನನಿತ್ಯದ ಅಡುಗೆಗೆ ತೆಂಗಿನೆಣ್ಣೆ ಇಟ್ಟುಕೊಂಡು, ಮದುವೆಯ ಒಂದು ಚಮಚಕ್ಕೆ ರಾತ್ರಿಯೆಲ್ಲ ನಿದ್ದೆಗೆಡದೆ ಇರುವುದು ಸರಿ. ಒಂದನ್ನು ಮಾತ್ರ ಖಂಡಿತ ಕೊಡಬಾರದು. ತುಪ್ಪ ಕಾಯಿಸಿದ ಮೇಲೆ ತಳದಲ್ಲಿ ಉಳಿಯುವ ಕಂದು ಗಸಿಗೆ ಸಕ್ಕರೆ ಕಲಸಿ ಮಕ್ಕಳಿಗೆ ಕೊಡುವ ರೂಢಿ ಇದೆಯಲ್ಲ, ಅದು. ಹಾಲಿನ ಅಂಶವೆಲ್ಲ ಅಲ್ಲೇ ಕೂತಿರುತ್ತದೆ.

ಇಷ್ಟು ಹುಡುಕಿದ ಮೇಲೆ ಮನೆಯವರಿಗೆ ಇನ್ನೊಂದು ಭಯ ಶುರುವಾಗುತ್ತದೆ. ಹಣ್ಣು, ತರಕಾರಿ, ಕಾಳುಗಳಲ್ಲೂ ಗ್ಯಾಲಕ್ಟೋಸ್ ಇದೆ ಅಂತ ಎಲ್ಲೋ ಓದಿರುತ್ತಾರೆ. ಹಳೆಯ ಪಟ್ಟಿಗಳಲ್ಲಿ ಟೊಮೆಟೊ, ಪಪ್ಪಾಯ, ಕಲ್ಲಂಗಡಿ, ಬೇಳೆಕಾಳು ಎಲ್ಲವೂ 'ಬೇಡ' ಕಾಲಂನಲ್ಲಿ ಇದ್ದವು. ನಮ್ಮ ಹುಡುಗಿಯ ಅಮ್ಮನೂ ಎರಡು ತಿಂಗಳಿಂದ ಹುರುಳಿ ಸಾರು, ಪಪ್ಪಾಯ ನಿಲ್ಲಿಸಿಬಿಟ್ಟಿದ್ದರು. ಇದು ಬೇಕಿರಲಿಲ್ಲ. ಪಪ್ಪಾಯದಂಥ ಹಣ್ಣಿನಲ್ಲಿ 100 ಗ್ರಾಂಗೆ ಇಪ್ಪತ್ತು ಮೂವತ್ತು ಮಿಲಿಗ್ರಾಂ ಗ್ಯಾಲಕ್ಟೋಸ್. ಅಷ್ಟೇ ಹಾಲಿನಲ್ಲಿ ಎರಡು ಸಾವಿರದ ಮೇಲೆ. ಕಾಳುಗಳಲ್ಲಿ ಗ್ಯಾಲಕ್ಟೋಸ್ ಜಾಸ್ತಿ ಇರುವುದು ನಿಜ, ಆದರೆ ಅದು ಬೇರೆ ಸಕ್ಕರೆಗಳಿಗೆ ಕಟ್ಟಿಕೊಂಡಿರುತ್ತದೆ. ಆ ಗಂಟು ಬಿಚ್ಚುವ ಕಿಣ್ವ ಮನುಷ್ಯರ ಸಣ್ಣಕರುಳಿನಲ್ಲಿ ಇಲ್ಲ. ಅದು ಹಾಗೇ ಕೆಳಗೆ ಹೋಗಿ ಗ್ಯಾಸ್ ಮಾಡುತ್ತದೆ, ಅಷ್ಟೇ.

ಇನ್ನೊಂದು ಕಾರಣವೂ ಇದೆ. ನಮ್ಮ ದೇಹ ಗ್ಯಾಲಕ್ಟೋಸನ್ನು ತಾನೇ ತಯಾರಿಸುತ್ತದೆ. ದೊಡ್ಡವರಲ್ಲಿ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಆಸುಪಾಸು, ಮಕ್ಕಳಲ್ಲಿ ತೂಕಕ್ಕೆ ಹೋಲಿಸಿದರೆ ಇನ್ನೂ ಜಾಸ್ತಿ. ಹಾಲು ಪೂರ್ತಿ ಬಿಟ್ಟರೂ ರಕ್ತದ ಅಂಶ ಸೊನ್ನೆಗೆ ಬರದಿರುವುದು ಇದರಿಂದಲೇ. ಒಳಗೇ ಅಷ್ಟು ತಯಾರಾಗುವಾಗ ಒಂದು ಹೋಳು ಪಪ್ಪಾಯದ ಹತ್ತು ಮಿಲಿಗ್ರಾಂ ತಪ್ಪಿಸಿ ಏನೂ ಸಿಗುವುದಿಲ್ಲ. ಹಾಗಾಗಿಯೇ 2017ರ ಮಾರ್ಗಸೂಚಿ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಜೀವನವಿಡೀ ಬಿಡಿ, ಹಣ್ಣು, ತರಕಾರಿ, ಕಾಳು, ಹುದುಗಿಸದ ಸೋಯಾ ಎಲ್ಲವನ್ನೂ ಎಷ್ಟು ಬೇಕಾದರೂ ತಿನ್ನಿ ಅನ್ನುತ್ತದೆ. ಗ್ಯಾಲಕ್ಟೋಸ್ ತೀರಾ ಕಡಿಮೆ ಇರುವ ಕೆಲವು ಚೆನ್ನಾಗಿ ಮಾಗಿದ ಗಟ್ಟಿ ಚೀಸ್‌ಗಳಿಗೂ ಅದರಲ್ಲಿ ಅವಕಾಶ ಇದೆ. ನಮ್ಮ ಅಂಗಡಿಯ ಸ್ಲೈಸ್ ಚೀಸ್, ಪನೀರ್ ಆ ಗುಂಪಿಗೆ ಸೇರಿಲ್ಲ.

ಸಿಕ್ಕಿದ್ದನ್ನು ಈಗ ಎಷ್ಟು ಗ್ರಾಂ, ಎಷ್ಟು ಸಲ ಅನ್ನುವ ಎರಡನ್ನೂ ನೋಡಿ ಜೋಡಿಸಿದರೆ ದಾರಿ ತಾನಾಗೇ ಕಾಣುತ್ತದೆ. ಅಂಗನವಾಡಿ ಲೋಟ ಮೊದಲು, ಬಿಳಿ ಮಾತ್ರೆ ಎರಡನೆಯದು, ಪಾಪುಟ್ಟು ಮೂರನೆಯದು, ಬನ್ನು ಮತ್ತು ಚಾಕಲೇಟ್ ಆಮೇಲೆ. ಹುರುಳಿ, ಪಪ್ಪಾಯ ಲೆಕ್ಕಕ್ಕೇ ಇಲ್ಲ, ವಾಪಸ್ ಬರಬೇಕು. ಮೊದಲ ಮೂರನ್ನು ನಿಲ್ಲಿಸಿ ಎರಡು ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ನೋಡಿದರೆ ಹಳೆಯ ಮಟ್ಟಕ್ಕೆ ಬಂದಿರಬೇಕು. ಬರದಿದ್ದರೆ ಇನ್ನೂ ಒಂದು ದಿನನಿತ್ಯದ ಮೂಲ ಉಳಿದಿದೆ ಅಂತ ಅರ್ಥ. ಆಗ ಔಷಧಿ, ಟಾನಿಕ್, ಪ್ರೋಟೀನ್ ಪುಡಿಯಿಂದ ಮತ್ತೆ ಹುಡುಕಾಟ ಶುರು.

ಇನ್ನು ಕ್ಯಾಲ್ಸಿಯಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದ ಪ್ರಕಾರ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಾಲು ಕುಡಿಯುವ ಮಗುವಿಗೆ ಎರಡು ಲೋಟದಲ್ಲಿ ಹತ್ತಿರ ಹತ್ತಿರ ಮುಗಿದುಹೋಗುವ ಮಾತು. ನಮ್ಮ ಹುಡುಗಿಯ ಮೂರು ದಿನದ ಸರಾಸರಿ ನೋಡೋಣ, ಹುರುಳಿಯನ್ನೂ ವಾಪಸ್ ಸೇರಿಸಿ. ಬೆಳಿಗ್ಗೆ ರಾಗಿ ಗಂಜಿಗೆ 20 ಗ್ರಾಂ ಹಿಟ್ಟು, ಅದರಿಂದ 70 ಚಿಲ್ಲರೆ. ಹುರುಳಿ ಸಾರಿನ 15 ಗ್ರಾಂ ಕಾಳಿನಿಂದ 40. ಒಂದು ಮೊಟ್ಟೆಗೆ 25. ಮೂರು ದಿನದಲ್ಲಿ ಒಮ್ಮೆ ನುಗ್ಗೆ ಸೊಪ್ಪಿನ ಪಲ್ಯ, ದಿನಕ್ಕೆ ಹಂಚಿದರೆ 30. ಅನ್ನ, ರೊಟ್ಟಿ, ತೆಂಗಿನಕಾಯಿ, ತರಕಾರಿ, ಬಾಳೆಹಣ್ಣು ಎಲ್ಲ ಸೇರಿ 50. ಒಟ್ಟು 220 ಮಿಲಿಗ್ರಾಂ ಹತ್ತಿರ. ಅರ್ಧಕ್ಕಿಂತ ಕಡಿಮೆ. ಮಗು ಚೆನ್ನಾಗಿ ತಿನ್ನುತ್ತಿದ್ದಾಳೆ, ತೂಕ ಸರಿಯಿದೆ, ಆದರೂ 330 ಕೊರತೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ರಕ್ತದ ಕ್ಯಾಲ್ಸಿಯಂ ಪರೀಕ್ಷೆಯಲ್ಲೂ ಗೊತ್ತಾಗುವುದಿಲ್ಲ, ಯಾಕೆಂದರೆ ದೇಹ ಮೂಳೆಯಿಂದ ತೆಗೆದು ರಕ್ತದ ಮಟ್ಟವನ್ನು ಸರಿಯಾಗಿ ಇಟ್ಟುಕೊಳ್ಳುತ್ತದೆ. ಕೊರತೆ ಕಾಣಿಸುವುದು ಊಟದ ಲೆಕ್ಕದಲ್ಲೇ.

ಈ ಅಂತರ ತುಂಬುವಾಗ ಕಾಗದದ ಮೇಲಿನ ಕ್ಯಾಲ್ಸಿಯಂ ಒಂದು, ಮೂಳೆಗೆ ಸೇರುವುದು ಇನ್ನೊಂದು. ಆಟಿ ತಿಂಗಳಲ್ಲಿ ಮಾಡುವ ಕೆಂಬು ಅಂದರೆ ಕೆಸುವಿನ ಸೊಪ್ಪಿನ ಕರಿಯಲ್ಲಿ, ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಪದಾರ್ಥ ಅದನ್ನು ಹಿಡಿದಿಟ್ಟುಕೊಂಡು ಬಿಡುವುದಿಲ್ಲ. ಇವನ್ನು ಸೊಪ್ಪು ಅಂತ ತಿನ್ನಿ, ಕ್ಯಾಲ್ಸಿಯಂ ಲೆಕ್ಕಕ್ಕೆ ಸೇರಿಸಬೇಡಿ. ರಾಗಿಯಲ್ಲಿ ಫೈಟೇಟ್ ಎಂಬ ಪದಾರ್ಥ ಸ್ವಲ್ಪ ಅಡ್ಡ ಬರುತ್ತದೆ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿದರೆ ಅದು ಕಡಿಮೆಯಾಗುತ್ತದೆ. ಅಂಗಡಿಯ ರಾಗಿ ಮಾಲ್ಟ್ ಪೊಟ್ಟಣ ತರುವುದಾದರೆ ಲೇಬಲ್ ಓದಿ, ಅದರಲ್ಲಿ ಹಾಲಿನ ಪುಡಿ ಬೆರೆಸಿರುವುದೂ ಇದೆ. ಸಣ್ಣ ಮೀನು ಒಳ್ಳೆಯ ಮೂಲ, ಮುಳ್ಳು ಸಮೇತ ಅಗಿದು ತಿಂದರೆ ಮಾತ್ರ. ಮುಳ್ಳು ತೆಗೆದ ದೊಡ್ಡ ಮೀನಿನಲ್ಲಿ ಕ್ಯಾಲ್ಸಿಯಂ ಹೇಳಿಕೊಳ್ಳುವಷ್ಟು ಇಲ್ಲ.

ಹಾಲಿನ ಬದಲಿಗೆ ಏನು ಕೊಡುತ್ತಿದ್ದೀರಿ ಅಂತ ಕೇಳಿದರೆ ಈ ಮನೆಯಲ್ಲಿ ತೆಂಗಿನ ಹಾಲು, ಮನೆಯಲ್ಲೇ ರುಬ್ಬಿದ ಬಾದಾಮಿ ಹಾಲು ಅಂತ ಉತ್ತರ ಬಂತು. ಎರಡೂ ಬಿಳಿ, ಎರಡರಲ್ಲೂ ಕ್ಯಾಲ್ಸಿಯಂ ಬಹಳ ಕಡಿಮೆ. ಮನೆಯಲ್ಲಿ ಮಾಡಿದ ಸೋಯಾ ಹಾಲಿನಲ್ಲಿ ಪ್ರೋಟೀನ್ ಚೆನ್ನಾಗಿದೆ, ಕ್ಯಾಲ್ಸಿಯಂ 100 ಮಿಲಿಗೆ ಇಪ್ಪತ್ತು ಚಿಲ್ಲರೆ ಅಷ್ಟೇ. ಬೇಕಾದದ್ದು ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು. ಡಬ್ಬಿಯ ಮೇಲೆ 100 ಮಿಲಿಗೆ 120 ಮಿಲಿಗ್ರಾಂ ಆಸುಪಾಸು ಇದೆಯಾ ನೋಡಿ. ಇನ್ನೊಂದು ಸಣ್ಣ ವಿಷಯ, ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ. ಚೆನ್ನಾಗಿ ಕುಲುಕದೆ ಬಗ್ಗಿಸಿದರೆ ಮೇಲಿನ ತಿಳಿ ಮಗುವಿಗೆ, ಕ್ಯಾಲ್ಸಿಯಂ ಡಬ್ಬಿಗೆ.

ದಿನಕ್ಕೆ ಅಂಥ ಸೋಯಾ ಹಾಲು 200 ಮಿಲಿ ಕೊಟ್ಟರೆ 240 ಮಿಲಿಗ್ರಾಂ. ರಾಗಿ ಹಿಟ್ಟನ್ನು 20ರಿಂದ 40 ಗ್ರಾಂಗೆ ಏರಿಸಿದರೆ ಇನ್ನೊಂದು 70. ಒಟ್ಟು 530 ಆಯಿತು. ರಾಗಿ ಗಂಜಿಯನ್ನೇ ಸೋಯಾ ಹಾಲಿನಲ್ಲಿ ಮಾಡಿದರೆ ವಾಸನೆ ಗೊತ್ತಾಗುವುದಿಲ್ಲ, ಬೆಲ್ಲ ಹಾಕಿದರೆ ಮಗು ಕುಡಿಯುತ್ತಾಳೆ. ಆದರೆ ಈ ಡಬ್ಬಿ ಪ್ರತಿ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ, ವಿರಾಜಪೇಟೆಯಿಂದಲೋ ಕುಶಾಲನಗರದಿಂದಲೋ ತರಬೇಕು. ಜೋರು ಮಳೆಗೆ ರಸ್ತೆ ಕಡಿದುಹೋದರೆ ಅದೂ ಇಲ್ಲ. ಆದ್ದರಿಂದ ಡಬ್ಬಿ ಇಲ್ಲದ ದಿನಗಳಿಗೆ ಸುಮಾರು 250 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುವ ಸಿರಪ್ಪನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳುವುದು ಒಳ್ಳೆಯದು.

ಸಿರಪ್ ಅಥವಾ ಮಾತ್ರೆ ತರುವಾಗ ಎಡವುವುದು ಒಂದು ಕಡೆ. ಬಾಟಲಿಯ ಮೇಲಿನ ಅಂಕಿ ಕಾರ್ಬೊನೇಟಿನಂಥ ಪೂರ್ತಿ ಲವಣದ್ದಾ, ಅದರೊಳಗಿನ ಕ್ಯಾಲ್ಸಿಯಂನದಾ ನೋಡಬೇಕು. ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ 40 ಶೇಕಡಾ ಮಾತ್ರ ಕ್ಯಾಲ್ಸಿಯಂ. 625 ಮಿಲಿಗ್ರಾಂ ಕಾರ್ಬೊನೇಟ್ ಅಂದರೆ 250 ಮಿಲಿಗ್ರಾಂ ಕ್ಯಾಲ್ಸಿಯಂ. ಬಾಟಲಿಯಲ್ಲಿ 'ಕಾರ್ಬೊನೇಟ್ 250' ಅಂತ ಇದ್ದರೆ ಮಗುವಿಗೆ ಸಿಗುವುದು ಬರೀ 100. ಕಾರ್ಬೊನೇಟನ್ನು ಊಟದ ಜೊತೆ ಕೊಡಬೇಕು. ಕಬ್ಬಿಣದ ಟಾನಿಕ್ ಇದ್ದರೆ ಅದನ್ನು ಬೇರೆ ಹೊತ್ತಿಗೆ. ಮಾತ್ರೆಯಾದರೆ ಲ್ಯಾಕ್ಟೋಸ್ ಇದೆಯಾ ಅಂತ ಔಷಧಿ ಅಂಗಡಿಯವರಿಂದ ತಿಳಿದುಕೊಳ್ಳಿ.

ಕ್ಯಾಲ್ಸಿಯಂ ಕಾರ್ಬೊನೇಟ್ ಕೆಲವು ಮಕ್ಕಳಿಗೆ ಮಲಬದ್ಧತೆ ತರುತ್ತದೆ. ಆಗ ಹತ್ತಿರದ ಕ್ಲಿನಿಕ್ಕಿಗೆ ಹೋದರೆ, ಕಾಯಿಲೆಯ ಹೆಸರು ಹೇಳದಿದ್ದರೆ, ಬರೆದುಕೊಡುವುದು ಅದೇ ಲ್ಯಾಕ್ಟುಲೋಸ್. ಮೂಳೆ ಉಳಿಸಲು ಕೊಟ್ಟ ಔಷಧಿಯಿಂದಲೇ ಗ್ಯಾಲಕ್ಟೋಸ್ ಹಿಂಬಾಗಿಲಿನಿಂದ ಬರುತ್ತದೆ. ಮಗುವಿನ ಆಸ್ಪತ್ರೆ ಫೈಲಿನ ಮೊದಲ ಪುಟದಲ್ಲಿ ಕಾಯಿಲೆಯ ಹೆಸರಿನ ಜೊತೆ "ಲ್ಯಾಕ್ಟುಲೋಸ್ ಬೇಡ" ಅಂತ ದೊಡ್ಡದಾಗಿ ಬರೆದಿಡಿ. ಮಲಬದ್ಧತೆಗೆ ನೀರು, ಪಪ್ಪಾಯ, ಸೊಪ್ಪು ಮೊದಲು. ಆಗದಿದ್ದರೆ ಬೇರೆ ಔಷಧಿಗಳಿವೆ. ಕಾರ್ಬೊನೇಟಿನ ಬದಲು ಸಿಟ್ರೇಟ್ ಕೊಡಬಹುದಾ ಅಂತಲೂ ಕೇಳಬಹುದು.

ವಿಟಮಿನ್ ಡಿ ಇಲ್ಲದೆ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ಒಳಗೆ ಹೋಗುವುದಿಲ್ಲ. ಒಂದು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ 600 ಯೂನಿಟ್ ಬೇಕು. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ಎಷ್ಟು ಕಾಣುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಊಟದಿಂದ ಬರುವುದು ಮೊಟ್ಟೆ, ಮೀನಿನ ಸ್ವಲ್ಪ ಮಾತ್ರ. ಹಾಗಾಗಿ ಈ ಮಕ್ಕಳಿಗೆ ವಿಟಮಿನ್ ಡಿ ರಕ್ತ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸುವುದಾದರೆ ಮಳೆಗಾಲ ಮುಗಿಯುವ ಹೊತ್ತಿಗೆ ಮಾಡಿಸಿ. ವರ್ಷದಲ್ಲೇ ಅತಿ ಕಡಿಮೆ ಇರುವ ಸಮಯ ಅದು.

ಊಟ ಸರಿಯಾಗಿದ್ದರೂ ಈ ಕಾಯಿಲೆಯಲ್ಲಿ ಮಾತು ತಡವಾಗುವುದು, ಮೂಳೆ ಸವಕಲಾಗುವುದು, ಹುಡುಗಿಯರಲ್ಲಿ ಅಂಡಾಶಯ ಬೇಗ ಸೋಲುವುದು ಕಂಡುಬರುತ್ತದೆ. ಅಮ್ಮ ಒಂದು ದಿನ ತಪ್ಪಿ ಕೊಟ್ಟ ಬಿಸ್ಕೆಟ್ಟಿನಿಂದ ಆದದ್ದಲ್ಲ ಅದು. ಅಂಡಾಶಯದ ಹಾರ್ಮೋನ್ ಕಡಿಮೆಯಾದರೆ ಮೂಳೆಗೆ ಇನ್ನೊಂದು ಪೆಟ್ಟು. ಅದಕ್ಕೇ 8ರಿಂದ 10ನೇ ವಯಸ್ಸಿನಲ್ಲಿ ಡೆಕ್ಸಾ ಎಂಬ ಮೂಳೆ ಸಾಂದ್ರತೆಯ ಸ್ಕ್ಯಾನ್ ಶುರು ಮಾಡಬೇಕು ಅಂತ ಮಾರ್ಗಸೂಚಿ ಹೇಳುತ್ತದೆ. ಅದಕ್ಕೆ ಮೈಸೂರಿಗೋ ಮಂಗಳೂರಿಗೋ ಹೋಗುವಾಗ ಆ ತಿಂಗಳ ಮೂರು ದಿನದ ಊಟದ ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ಅಷ್ಟು ಹೊತ್ತಿಗೆ ಕ್ಯಾಲ್ಸಿಯಂ ಬೇಡಿಕೆ ಏರಿರುತ್ತದೆ. 7ರಿಂದ 9 ವರ್ಷಕ್ಕೆ 650, 10ರಿಂದ 12ಕ್ಕೆ 850. ಐದು ವರ್ಷಕ್ಕೆ ಹಾಕಿದ ಲೆಕ್ಕ ಆಗ ಸಾಲುವುದಿಲ್ಲ.